ಫೋನಿನಿಂದ ಟಿವಿಗೆ ವಿಡಿಯೊ ಸಾಲು ಹಾಕುವುದು: ಕ್ಯೂ, ಪ್ಲೇಲಿಸ್ಟ್, ಪೆನ್‌ಡ್ರೈವ್ – ಯಾವುದು ಯಾವಾಗ?

ಆಟಿ ತಿಂಗಳಲ್ಲಿ ದೊಡ್ಡಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಬದಿಯಡ್ಕದಿಂದ ಸ್ವಲ್ಪ ಒಳಗೆ ಅವರ ಮನೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಮಂಚ, ಎದುರಿಗೆ ಟಿವಿ. ಒಂದೂವರೆ ತಿಂಗಳು ಅವರು ಕಂಡದ್ದು ಇಷ್ಟೇ. ಅವರಿಗೆ ಬೇಕಾದ್ದು ತಾಳಮದ್ದಳೆ. ಯೂಟ್ಯೂಬಿನಲ್ಲಿ ಒಂದು ಪ್ರಸಂಗ ನಾಲ್ಕೈದು ತುಂಡಾಗಿ ಇರುತ್ತದೆ. ಒಂದನೇ ಭಾಗ ಮುಗಿದ ಕೂಡಲೇ ಎರಡನೆಯದು ಬರಬೇಕು. ಬರದೇ ಇದ್ದರೆ ಎಲ್ಲಿಯದೋ ಯಾವುದೋ ವಿಡಿಯೊ ತಾನಾಗಿ ಶುರುವಾಗುತ್ತದೆ. ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಒತ್ತಿ ಹುಡುಕುವುದು ಅವರಿಂದ ಆಗುವ ಕೆಲಸವಲ್ಲ. ಹಾಗಾಗಿ ಫೋನಿನಿಂದ ಸಾಲು ಹಾಕಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದೂವರೆ ತಿಂಗಳಲ್ಲಿ ನಾಲ್ಕು ದಾರಿ ಬಳಸಿ ನೋಡಿದೆ. ಆ್ಯಪ್ ಯಾವುದು, ಟಿವಿ ಯಾವ ಕಂಪನಿ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದು ಉಂಟು: ನೀವು ಹಾಕಿದ ಸಾಲು ಎಲ್ಲಿ ಕೂತಿದೆ? ಟಿವಿಯಲ್ಲಾ, ಫೋನಿನಲ್ಲಾ, ನಿಮ್ಮ ಖಾತೆಯಲ್ಲಾ, ಪೆನ್‌ಡ್ರೈವಿನಲ್ಲಾ? ಕರೆಂಟು ಹೋದರೆ ಏನಾಗುತ್ತದೆ, ಫೋನಿಗೆ ಕರೆ ಬಂದರೆ ಏನಾಗುತ್ತದೆ, ನೀವು ತೋಟಕ್ಕೆ ಹೋದರೆ ಏನಾಗುತ್ತದೆ, ಎಲ್ಲದಕ್ಕೂ ಉತ್ತರ ಅಲ್ಲಿಂದಲೇ ಬರುತ್ತದೆ.

ಸ್ಕ್ರೀನ್ ಮಿರರಿಂಗ್ ಮೊದಲು ಬದಿಗಿಡಿ

ತುಂಬಾ ಜನ ಮೊದಲು ಕೈ ಹಾಕುವುದು ಇದಕ್ಕೇ. ಫೋನಿನ ಪರದೆಯಲ್ಲಿ ಏನು ಕಾಣುತ್ತದೋ ಅದೇ ಟಿವಿಯಲ್ಲಿ ಕಾಣುತ್ತದೆ. ಇಲ್ಲಿ ಟಿವಿಗೆ ಸಾಲು ಎಂಬುದು ಗೊತ್ತೇ ಇಲ್ಲ, ಅದು ಬರೀ ಕನ್ನಡಿ. ಫೋನಿನ ಪರದೆ ಉರಿಯುತ್ತಲೇ ಇರಬೇಕು. ವಾಟ್ಸಾಪ್ ಮೆಸೇಜ್ ಬಂದರೆ ಅದೂ ಟಿವಿಯಲ್ಲಿ ಕಾಣುತ್ತದೆ. ಫೋಟೊ ತೋರಿಸುವುದಕ್ಕೆ ಹತ್ತು ನಿಮಿಷ ಸಾಕು, ಮೂರು ಗಂಟೆಯ ತಾಳಮದ್ದಳೆಗೆ ಇದು ಬೇಡ.

ಯೂಟ್ಯೂಬ್ ಕ್ಯೂ: ಸಾಲು ಟಿವಿಯ ಕಡೆ

ಕಾಸ್ಟ್ ಮಾಡುವುದು ಬೇರೆಯೇ ವಿಷಯ. ಫೋನಿನ ಯೂಟ್ಯೂಬ್ ಆ್ಯಪಿನಲ್ಲಿ ಟಿವಿಯ ಆಕಾರದ, ಮೂಲೆಯಲ್ಲಿ ಮೂರು ಅಲೆ ಇರುವ ಗುರುತು ಒತ್ತಿ ಟಿವಿಯ ಹೆಸರು ಆರಿಸುತ್ತೀರಿ. ಆಮೇಲೆ ಫೋನು ಕಳಿಸುವುದು ‘ಈ ವಿಡಿಯೊ ಹಾಕು’ ಎಂಬ ಚೀಟಿ ಮಾತ್ರ. ವಿಡಿಯೊವನ್ನು ಟಿವಿಯೇ ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಫೋನ್ ಲಾಕ್ ಮಾಡಬಹುದು, ಕರೆ ತೆಗೆದುಕೊಳ್ಳಬಹುದು, ಬ್ಯಾಟರಿಗೂ ಭಾರ ಇಲ್ಲ.

ಸಾಲು ಹಾಕುವುದು ಹೀಗೆ. ಟಿವಿಗೆ ಜೋಡಿಸಿದ ಮೇಲೆ ಒಂದನೇ ಭಾಗ ಹುಡುಕಿ ಪ್ಲೇ ಮಾಡಿ. ನಂತರ ಎರಡನೇ ಭಾಗ ಹುಡುಕಿ, ಅದರ ಪಕ್ಕದ ಮೂರು ಚುಕ್ಕೆ ಒತ್ತಿ, `Add to queue` ಆರಿಸಿ. ಮೂರು, ನಾಲ್ಕನೇ ಭಾಗಕ್ಕೂ ಹಾಗೆಯೇ. ಅವಸರದಲ್ಲಿ ವಿಡಿಯೊದ ಮೇಲೆಯೇ ಬೆರಳಿಟ್ಟು ಪ್ಲೇ ಕೊಟ್ಟರೆ ಈಗ ಓಡುತ್ತಿರುವುದು ಅರ್ಧಕ್ಕೇ ತುಂಡಾಗುತ್ತದೆ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಇದೇ. ಮೂರು ಚುಕ್ಕೆಯ ದಾರಿ ಸುರಕ್ಷಿತ. ಸಾಲು ನೋಡಬೇಕಾದರೆ ಫೋನಿನ ಕೆಳಗಿರುವ ಸಣ್ಣ ಪಟ್ಟಿಯನ್ನು ಮೇಲಕ್ಕೆ ಎಳೆಯಿರಿ. ಅಲ್ಲಿ ವಿಡಿಯೊಗಳನ್ನು ಹಿಡಿದು ಮೇಲೆ ಕೆಳಗೆ ಸರಿಸಬಹುದು. ನಿಲ್ಲಿಸುವುದು, ಹತ್ತು ಸೆಕೆಂಡು ಹಿಂದೆ ಹೋಗುವುದು, ಜಾಹೀರಾತು ಬಿಟ್ಟು ಮುಂದೆ ಹೋಗುವುದು ಎಲ್ಲ ಫೋನಿನಿಂದಲೇ ಆಗುತ್ತದೆ. ಸೌಂಡಿಗೆ ಫೋನಿನ ಬದಿಯ ಬಟನ್ ಒತ್ತಿದರೆ ಟಿವಿಯದ್ದೇ ಏರುತ್ತದೆ, ಇಳಿಯುತ್ತದೆ. ಸಾಲು ಮುಗಿದ ಮೇಲೆ ಸಂಬಂಧವಿಲ್ಲದ್ದು ಬರಬಾರದು ಅಂತಿದ್ದರೆ ಆಟೊಪ್ಲೇ ಆಫ್ ಮಾಡಿಡಿ.

ಇದರ ನಿಜವಾದ ಸೊಗಸು ನಾಲ್ಕು ಜನ ಸೇರಿದಾಗ ಗೊತ್ತಾಗುತ್ತದೆ. ಒಂದೇ ವೈಫೈಯಲ್ಲಿರುವ ಎರಡು ಮೂರು ಫೋನುಗಳು ಒಂದೇ ಟಿವಿಗೆ ಜೋಡಿಸಿಕೊಂಡು, ಒಂದೇ ಸಾಲಿಗೆ ಸೇರಿಸುತ್ತಾ ಹೋಗಬಹುದು. ದೊಡ್ಡಪ್ಪನನ್ನು ನೋಡಲು ಬಂದ ಭಾವ ಒಂದು ಅರ್ಥಗಾರಿಕೆಯ ತುಣುಕು ಹಾಕಿದರು, ಚಿಕ್ಕಮ್ಮ ಒಂದು ದೇವರನಾಮ ಹಾಕಿದರು. ಸುಮ್ನೆ ಮಾತಾಡುತ್ತಾ ಕೂತು, ನೆನಪಾದದ್ದನ್ನು ಹಾಕುತ್ತಾ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದರೆ ಒಂದು ಭಾನುವಾರ ಮಧ್ಯಾಹ್ನ ನಾಲ್ಕು ಭಾಗದ ತಾಳಮದ್ದಳೆ ಸಾಲು ಹಾಕಿಟ್ಟು ನಾನು ಮನೆಗೆ ಬಂದೆ. ಮೂರೂವರೆಗೆ ಗಾಳಿ ಮಳೆ ಬಂತು, ಕರೆಂಟು ಹೋಯಿತು, ಹತ್ತು ನಿಮಿಷದಲ್ಲಿ ಬಂತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನ ಫೋನ್. “ಎಂತ ಮಾರಾಯಾ, ಟಿವಿ ಬಂತು, ನೀನು ಹಾಕಿದ್ದು ಎಂತದೂ ಇಲ್ಲ. ಈಗ ಕೃಷ್ಣ ಮಾತಾಡ್ಲಿಕ್ಕೆ ಶುರು ಮಾಡಿದ್ದಷ್ಟೆ!”

ಅವರ ಧ್ವನಿ ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ತಪ್ಪು ಕರೆಂಟಿನದ್ದು ಮಾತ್ರ ಅಲ್ಲ, ನಾನು ಆರಿಸಿದ ದಾರಿಯದ್ದೂ ಹೌದು. ಕ್ಯೂ ಎನ್ನುವುದು ಟಿವಿಯಲ್ಲಿ ಆಗ ತೆರೆದಿರುವ ಆಟಕ್ಕೆ ಅಂಟಿಕೊಂಡದ್ದು. ಟಿವಿ ಆಫ್ ಆದರೆ, ಯೂಟ್ಯೂಬ್ ಆ್ಯಪಿನಿಂದ ಹೊರಗೆ ಬಂದರೆ, ಆ ಆಟ ಮುಗಿಯುತ್ತದೆ, ಸಾಲೂ ಅದರ ಜೊತೆ ಹೋಗುತ್ತದೆ. ಅದನ್ನು ಉಳಿಸಿಡುವುದಕ್ಕೆ ಯಾರಿಗೂ ಹೇಳಿರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರಿಗೆ ಲೈಟು, ಫ್ಯಾನು ಮಾತ್ರ ಜೋಡಿಸಿರುತ್ತಾರೆ, ಟಿವಿ ಅಲ್ಲ. ಮಳೆಗಾಲದಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಪ್ಲೇಲಿಸ್ಟ್: ಸಾಲು ಖಾತೆಯಲ್ಲಿ

ಮರುದಿನ ಅದೇ ನಾಲ್ಕು ಭಾಗಗಳನ್ನು ಪ್ಲೇಲಿಸ್ಟ್ ಮಾಡಿದೆ. ಮೂರು ಚುಕ್ಕೆ ಒತ್ತಿದಾಗ `Save to playlist` ಎಂದು ಕಾಣುತ್ತದೆ. ಮೊದಲ ಸಲ ಹೊಸ ಪಟ್ಟಿಗೆ ಒಂದು ಹೆಸರು ಕೊಡಬೇಕು, ಯಾರಿಗೆ ಕಾಣಬೇಕು ಎಂದೂ ಆರಿಸಬೇಕು. `Private` ಎಂದರೆ ನಿಮಗೆ ಮಾತ್ರ. `Unlisted` ಎಂದರೆ ಲಿಂಕ್ ಇದ್ದವರಿಗೆ. `Public` ಎಂದರೆ ಎಲ್ಲರಿಗೂ. ಮನೆಯವರ ಜೊತೆ ಹಂಚಿಕೊಳ್ಳಬೇಕಾದರೆ `Unlisted` ಸರಿಯಾದದ್ದು. ನಾನು ಲಿಂಕನ್ನು ದೊಡ್ಡಮ್ಮನ ವಾಟ್ಸಾಪಿಗೆ ಕಳಿಸಿದೆ. ಅವರು ಅದನ್ನು ತಮ್ಮ ಖಾತೆಗೆ ಸೇರಿಸಿಕೊಂಡರು. ಟಿವಿಯಲ್ಲೂ ಅದೇ ಖಾತೆ ಇರುವುದರಿಂದ ಪಟ್ಟಿ ಅಲ್ಲೂ ಕಂಡಿತು.

ಪಟ್ಟಿ ತೆರೆದು ಟಿವಿಗೆ ಜೋಡಿಸಿ ಪ್ಲೇ ಕೊಟ್ಟರೆ ನಾಲ್ಕೂ ಭಾಗ ಒಂದಾದ ಮೇಲೆ ಒಂದು ಓಡುತ್ತವೆ. ಫೋನಿನ ಹಿಡಿತ ಕ್ಯೂ ಹಾಗೆಯೇ. ವ್ಯತ್ಯಾಸ ಕರೆಂಟು ಹೋದಾಗ. ಈ ಪಟ್ಟಿ ಇರುವುದು ಟಿವಿಯಲ್ಲೂ ಅಲ್ಲ, ಫೋನಿನಲ್ಲೂ ಅಲ್ಲ, ಖಾತೆಯಲ್ಲಿ. ಟಿವಿ ಮತ್ತೆ ಬಂದಾಗ ಪಟ್ಟಿ ತೆರೆದು ಮೂರನೇ ಭಾಗ ಒತ್ತಿದರೆ ಆಯಿತು. ಯೂಟ್ಯೂಬಿನ ಹಿಸ್ಟರಿ ಆನ್ ಇದ್ದರೆ ವಿಡಿಯೊದ ಚಿತ್ರದ ಕೆಳಗೆ ಒಂದು ಕೆಂಪು ಗೆರೆ ಕಾಣುತ್ತದೆ, ಎಲ್ಲಿಯವರೆಗೆ ನೋಡಿದ್ದೀರಿ ಎಂದು. ಅಲ್ಲಿಂದಲೇ ಮುಂದುವರಿಯುತ್ತದೆ. ದೊಡ್ಡಮ್ಮನಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ: ಕೆಂಪು ಗೆರೆ ಅರ್ಧಕ್ಕೆ ನಿಂತಿರುವುದನ್ನು ಒತ್ತಿ. ಎರಡನೇ ದಿನಕ್ಕೇ ಅವರು ನನ್ನನ್ನು ಕರೆಯದೆ ಮಾಡಿದರು.

ಪ್ಲೇಲಿಸ್ಟ್ ನಿಧಾನದ ಕೆಲಸ, ಕೂತು ಮಾಡಬೇಕು. ನಾಲ್ಕು ಜನ ಸೇರಿ ಹರಟುವಾಗ ‘ಇದನ್ನೂ ಸೇರಿಸು’ ಎನ್ನುವ ಹುಮ್ಮಸ್ಸಿಗೆ ಕ್ಯೂ ಬೇಕು. ನಾಳೆಯೂ ಬೇಕಾಗುವ ಸಾಲು, ಕ್ರಮ ತಪ್ಪಬಾರದ ಸಾಲು, ನೀವು ಹತ್ತಿರ ಇಲ್ಲದಾಗ ಓಡಬೇಕಾದ ಸಾಲು ಇದ್ದರೆ ಪ್ಲೇಲಿಸ್ಟ್. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಪ್ಲೇ ಕೊಡುವಾಗ ಶಫಲ್ ಗುರುತು ತಪ್ಪಿ ಒತ್ತಿದರೆ ಯುದ್ಧ ಮೊದಲು, ಸಂಧಾನ ಆಮೇಲೆ ಬರುತ್ತದೆ.

ಫೋನಿನಲ್ಲೇ ಇರುವ ವಿಡಿಯೊಗಳು

ಇದು ಬೇರೆ ಕಥೆ. ದೊಡ್ಡಪ್ಪನ ಮಗಳ ಮದುವೆಯ ಕ್ಯಾಸೆಟ್ಟನ್ನು ಹಿಂದೆ ಯಾರೋ ಡಿವಿಡಿ ಮಾಡಿಸಿದ್ದರು. ಅದರ ಫೈಲುಗಳು ನನ್ನ ಫೋನಿನಲ್ಲಿದ್ದವು. ಇವು ಯೂಟ್ಯೂಬಿನಲ್ಲಿ ಇಲ್ಲ, ಹಾಕುವ ಮನಸ್ಸೂ ಇಲ್ಲ.

ಆಂಡ್ರಾಯ್ಡ್ ಫೋನಿನ ವಿಎಲ್‌ಸಿ ಆ್ಯಪಿನಿಂದ ಕ್ರೋಮ್‌ಕಾಸ್ಟ್ ಸೌಲಭ್ಯ ಇರುವ ಟಿವಿಗೆ ಇವನ್ನು ಕಳಿಸಬಹುದು. ಸಾಲಿಗೆ ಸೇರಿಸುವ ಆಯ್ಕೆಯೂ ಅದರಲ್ಲಿ ಉಂಟು. ನೋಡುವುದಕ್ಕೆ ಯೂಟ್ಯೂಬ್ ಕಾಸ್ಟಿನ ಹಾಗೆಯೇ ಕಾಣುತ್ತದೆ. ಆದರೆ ಒಳಗೆ ನಡೆಯುವುದು ತಿರುಗುಮುರುಗು. ಇಲ್ಲಿ ಟಿವಿ ವಿಡಿಯೊ ಎಳೆಯುವುದು ನಿಮ್ಮ ಫೋನಿನಿಂದ. ಸಾಲೂ ಫೋನಿನಲ್ಲಿ, ಸರಕೂ ಫೋನಿನಲ್ಲಿ.

ನಾನು ಇದನ್ನು ಮರೆತೆ. ಮುಹೂರ್ತ ಓಡುತ್ತಿತ್ತು, ಕೆಳಗಿನ ತೋಟದಲ್ಲಿ ಪಂಪ್ ನೋಡಿಕೊಂಡು ಬರುತ್ತೇನೆಂದು ಫೋನ್ ಕಿಸೆಯಲ್ಲಿಟ್ಟುಕೊಂಡು ಇಳಿದೆ. ಅಂಗಳ ದಾಟಿ ವೈಫೈ ತಪ್ಪಿದ ಸ್ವಲ್ಪ ಹೊತ್ತಿಗೆ ಟಿವಿ ನಿಂತಿತು. ಯೂಟ್ಯೂಬ್ ಆಗಿದ್ದರೆ ನಿಲ್ಲುತ್ತಿರಲಿಲ್ಲ, ಅಲ್ವಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ಈ ತಪ್ಪು ಯಾರಿಗೂ ಆಗಬಹುದು.

ಇನ್ನೊಂದು ತೊಂದರೆ ಫೈಲಿನ ಬಗೆಯಿಂದ ಬರುತ್ತದೆ. ಈಗಿನ ಫೋನಿನಲ್ಲಿ ತೆಗೆದ `.mp4` ಹೆಚ್ಚಾಗಿ ಹಾಗೆಯೇ ಓಡುತ್ತದೆ. ಹಳೆಯ ಡಿವಿಡಿಯ `.vob` ಫೈಲು ಎಂಪೆಗ್-2 ಎಂಬ ಹಳೆಯ ಬಗೆಯದ್ದು, ಕ್ರೋಮ್‌ಕಾಸ್ಟಿಗೆ ಅದು ಅರ್ಥವಾಗುವುದಿಲ್ಲ. ಆಗ ಫೋನು ಅದನ್ನು ಓಡಿಸುತ್ತಲೇ ಬೇರೆ ಬಗೆಗೆ ಬದಲಾಯಿಸಿ ಕಳಿಸಬೇಕು. ಗುರುತು ಏನು ಅಂದರೆ, ಫೋನಿನ ಬೆನ್ನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಟಿವಿಯಲ್ಲಿ ಚಿತ್ರ ತಡೆದು ತಡೆದು ಬರುತ್ತದೆ. ಹಾಗೆ ಕಂಡರೆ ಫೋನಿಗೆ ಹಿಂಸೆ ಕೊಡಬೇಡಿ, ದಾರಿ ಬದಲಿಸಿ.

ಪೆನ್‌ಡ್ರೈವ್, ಕೋಡಿ, ಕೈಯಲ್ಲಿ ಫೋನು

ನನಗೆ ಕೊನೆಗೆ ತುಂಬಾ ಹಿಡಿಸಿದ್ದು ಇದು. ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯ ಹಿಂದೆ ಸಿಕ್ಕಿಸುವುದು. ಟಿವಿಯಲ್ಲಿ ಕೋಡಿ ಎಂಬ ಉಚಿತ ಪ್ಲೇಯರ್. ಫೋನಿನಲ್ಲಿ ಅದಕ್ಕೆಂದೇ ಇರುವ ಕೋರೆ ಎಂಬ ರಿಮೋಟ್ ಆ್ಯಪ್, ಪ್ಲೇಸ್ಟೋರಿನಲ್ಲಿ `Kore` ಎಂದು ಹುಡುಕಿ. ಸರಕು ಟಿವಿಯ ಬಳಿ, ಸಾಲು ಟಿವಿಯಲ್ಲಿ, ಫೋನು ಬರೀ ರಿಮೋಟ್. ಇಂಟರ್ನೆಟ್ ಹೋದರೂ ಪರವಾಗಿಲ್ಲ, ವೈಫೈ ರೂಟರಿಗೆ ಕರೆಂಟು ಇದ್ದರೆ ಸಾಕು. ಕೋಡಿಗೆ `.vob` ಕೂಡ ಗೊತ್ತು.

ಆಂಡ್ರಾಯ್ಡ್ ಇರುವ ಟಿವಿ ಅಥವಾ ಬಾಕ್ಸ್ ಆದರೆ ಪ್ಲೇಸ್ಟೋರಿನಿಂದ ಕೋಡಿ ಹಾಕಿಕೊಳ್ಳಬಹುದು. ಸ್ಯಾಮ್‌ಸಂಗ್ ಟಿವಿಗಳಲ್ಲಿರುವ ಟೈಜನ್‌ಗೆ ಕೋಡಿ ಇಲ್ಲ. ಒಂದು ಸಲ ಮಾತ್ರ ಮಾಡಬೇಕಾದ ಕೆಲಸ ಉಂಟು. ಕೋಡಿಯ `Settings` ಒಳಗೆ `Services`, ಅದರೊಳಗೆ `Control`. ಅಲ್ಲಿ `Allow remote control via HTTP` ಆನ್ ಮಾಡಿ, ಒಂದು ಹೆಸರು, ಪಾಸ್‌ವರ್ಡ್ ಕೊಡಿ. ಪೋರ್ಟ್ `8080` ಇರುವುದನ್ನು ಹಾಗೆಯೇ ಬಿಡಿ. ಫೋನಿನ ಕೋರೆ ಆ್ಯಪ್ ತೆರೆದರೆ ಅದೇ ಹುಡುಕಿ ಟಿವಿಯನ್ನು ತೋರಿಸುತ್ತದೆ, ಅದೇ ಹೆಸರು, ಪಾಸ್‌ವರ್ಡ್ ಕೊಟ್ಟರೆ ಆಯಿತು.

ಕರೆಂಟು ಹೋದರೆ? ಫೋನಿನಿಂದ ಆಗ ಹಾಕಿದ ಸಾಲು ಇಲ್ಲೂ ಹೋಗುತ್ತದೆ. ಅದಕ್ಕೆ ನಾನು ಸಾಲನ್ನೇ ಪೆನ್‌ಡ್ರೈವಿನಲ್ಲಿ ಬರೆದಿಟ್ಟೆ. ವಿಡಿಯೊಗಳಿರುವ ಫೋಲ್ಡರಿನಲ್ಲೇ `maduve.m3u` ಎಂಬ ಸಣ್ಣ ಪಠ್ಯದ ಫೈಲು. ಒಳಗೆ ಇಷ್ಟೇ:

```
#EXTM3U
01-muhurta.vob
02-dhare.vob
03-oota.vob
04-dibbana.vob
```

ಒಂದು ಸಾಲಿಗೆ ಒಂದು ಫೈಲಿನ ಹೆಸರು, ಓಡಬೇಕಾದ ಕ್ರಮದಲ್ಲಿ. ಹೆಸರು ಅಕ್ಷರಕ್ಕೆ ಅಕ್ಷರ ಸರಿ ಇರಬೇಕು, ಒಂದು ಅಕ್ಷರ ತಪ್ಪಿದರೂ ಆ ವಿಡಿಯೊ ಸಿಗುವುದಿಲ್ಲ. ಹೆಸರಿನ ಮೊದಲು `01`, `02` ಎಂದು ಸೊನ್ನೆ ಸೇರಿಸಿ ಬರೆಯುವುದಕ್ಕೂ ಕಾರಣ ಉಂಟು. ಬರೀ 1, 2 ಎಂದು ಬರೆದರೆ, ಕೆಲವು ಟಿವಿಗಳ ಸ್ವಂತ ಪ್ಲೇಯರಿನಲ್ಲಿ 1 ಆದ ಮೇಲೆ 10 ಬರುತ್ತದೆ. ಕೋಡಿಯಲ್ಲಿ ಈ `m3u` ಫೈಲು ಒತ್ತಿದರೆ ಇಡೀ ಸಾಲು ಮತ್ತೆ ಎದ್ದು ನಿಲ್ಲುತ್ತದೆ.

ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದಕ್ಕೆ ಹೋಗುವುದೇ ಇಲ್ಲ. ಜಾಗ ಇದ್ದರೂ ಕಾಪಿ ನಿಂತರೆ ಕಾರಣ ಇದೇ ಎಂದು ತಿಳಿಯಿರಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಅದನ್ನು ನಿಮ್ಮ ಟಿವಿ ಓದುತ್ತದೆಯೇ ಎಂದು ಒಂದು ಸಣ್ಣ ಫೈಲು ಹಾಕಿ ಮೊದಲು ನೋಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ, ಮದುವೆಯ ಫೈಲಿನ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಫೋನಿಗೆ ಟಿವಿ ಕಾಣದಿದ್ದರೆ

ನಮ್ಮ ಕಡೆಯ ಹಳೆ ಮನೆಗಳ ಕೆಂಪುಕಲ್ಲಿನ ಗೋಡೆ ದಪ್ಪ. ವೈಫೈ ಆಚೆ ಕೋಣೆಗೆ ಹೋಗುವುದಿಲ್ಲ ಎಂದು ಇನ್ನೊಂದು ರೂಟರ್ ಪೆಟ್ಟಿಗೆ ಹಾಕಿಸುತ್ತಾರೆ. ದೊಡ್ಡಪ್ಪನ ಮನೆಯಲ್ಲೂ ಹಾಗೆಯೇ. ಒಂದು ದಿನ ಚಾವಡಿಯಲ್ಲಿ ಕೂತಾಗ ಟಿವಿ ಕಾಣುತ್ತಿತ್ತು, ಅಡುಗೆಮನೆಯಿಂದ ಕಾಣುತ್ತಿರಲಿಲ್ಲ. ಎರಡೂ ಕಡೆ ಇಂಟರ್ನೆಟ್ ಚೆನ್ನಾಗಿತ್ತು.

ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಫೋನು, ಟಿವಿ ಒಂದೊಂದಕ್ಕೂ ಇರುವ ನಂಬರು, ನೋಡಿದೆ. ಫೋನಿನಲ್ಲಿ ವೈಫೈಯ ಹೆಸರು ಒತ್ತಿದರೆ ವಿವರದಲ್ಲಿ ಕಾಣುತ್ತದೆ, ಟಿವಿಯಲ್ಲಿ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ. ಟಿವಿಯದ್ದು `192.168.1.7`, ಅಡುಗೆಮನೆಯಲ್ಲಿ ಫೋನಿನದ್ದು `192.168.0.4`. ಚುಕ್ಕೆಗಳ ನಡುವಿನ ಮೂರನೇ ಸಂಖ್ಯೆ ಬೇರೆ, ಒಂದರಲ್ಲಿ 1, ಇನ್ನೊಂದರಲ್ಲಿ 0. ಅಂದರೆ ಎರಡನೇ ಪೆಟ್ಟಿಗೆ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದೆ. ಕಾಸ್ಟ್ ಮಾಡುವಾಗ ಫೋನು ‘ಇಲ್ಲಿ ಟಿವಿ ಯಾರಾದರೂ ಇದ್ದೀರಾ’ ಎಂದು ಕೂಗುವುದು ತನ್ನ ನೆಟ್‌ವರ್ಕಿನ ಒಳಗೆ ಮಾತ್ರ. ಆ ಕೂಗು ಬೇಲಿ ದಾಟುವುದಿಲ್ಲ. ಎರಡನೇ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ, ಅಂದರೆ ಬೇರೆ ನೆಟ್‌ವರ್ಕ್ ಕಟ್ಟದೆ ಮೊದಲಿನದ್ದನ್ನೇ ಹಂಚುವ ಹಾಗೆ, ಬದಲಾಯಿಸಿದ ಮೇಲೆ ಸರಿಯಾಯಿತು. ಗೆಸ್ಟ್ ವೈಫೈಯಲ್ಲಿದ್ದರೂ, ಫೋನಿನಲ್ಲಿ ವಿಪಿಎನ್ ಆನ್ ಇದ್ದರೂ ಹೀಗೆಯೇ ಆಗಬಹುದು. ಐಫೋನ್ ಆದರೆ ಸೆಟ್ಟಿಂಗಿನ `Local Network` ಅನುಮತಿ ಯೂಟ್ಯೂಬಿಗೆ ಸಿಕ್ಕಿದೆಯಾ ನೋಡಿ.

ಮನೆಗೆ ವೈಫೈ ಇಲ್ಲದೆ ಫೋನಿನ ಹಾಟ್‌ಸ್ಪಾಟಿನಿಂದ ಟಿವಿ ಓಡಿಸುವವರೂ ಇದ್ದಾರೆ. ಅವರು ಡೇಟಾ ನೋಡಿಕೊಳ್ಳಬೇಕು. 1080ಪಿ ವಿಡಿಯೊಗೆ ಯೂಟ್ಯೂಬ್ ಹೇಳುವ ವೇಗ 5 ಎಂಬಿಪಿಎಸ್, 480ಪಿಗೆ 1.1. ಆ ವೇಗದಲ್ಲೇ ಎಳೆದರೆ ಗಂಟೆಗೆ ಮೊದಲನೆಯದಕ್ಕೆ ಸುಮಾರು 2.2 ಜಿಬಿ, ಎರಡನೆಯದಕ್ಕೆ ಅರ್ಧ ಜಿಬಿ. ತಾಳಮದ್ದಳೆಯಲ್ಲಿ ಮಾತೇ ಮುಖ್ಯ, ಕೂತವರು ಕೂತಲ್ಲೇ ಇರುತ್ತಾರೆ. ಟಿವಿಯಲ್ಲಿ 480ಕ್ಕೆ ಇಳಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ. ಯಕ್ಷಗಾನದ ಆಟದ ವೇಷ ನೋಡುವುದಕ್ಕೆ ಮಾತ್ರ ನಾನು ಇಳಿಸುವುದಿಲ್ಲ.

ದೂರದ ಊರಿನಿಂದ ಹಾಕುವುದು

ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ. ಅಪ್ಪನಿಗೆ ತಾನೂ ಏನಾದರೂ ಹಾಕಬೇಕು ಎಂದು ಅವನಿಗೆ ಆಸೆ. ಅದಕ್ಕೆ ಒಂದೇ ವೈಫೈ ಬೇಕಾಗಿಲ್ಲ, ಟಿವಿ ಕೋಡ್ ಇದೆ. ಟಿವಿಯ ಯೂಟ್ಯೂಬಿನಲ್ಲಿ `Settings` ಒಳಗೆ `Link with TV code` ಒತ್ತಿದರೆ 12 ಅಂಕಿ ಬರುತ್ತದೆ. ದೊಡ್ಡಮ್ಮ ಅದನ್ನು ಫೋನಿನಲ್ಲಿ ಓದಿ ಹೇಳಿದರು. ಅವನು ತನ್ನ ಯೂಟ್ಯೂಬ್ ಆ್ಯಪಿನ ಸೆಟ್ಟಿಂಗಿನಲ್ಲಿ `Watch on TV` ಎಂಬಲ್ಲಿ ಹೋಗಿ `Enter TV code` ಒತ್ತಿ ಅದನ್ನು ಹಾಕಿದ. ಇದು ಇಂಟರ್ನೆಟ್ ಮೂಲಕವೇ ಸೇರಿಸುವುದರಿಂದ ಅವನ ಫೋನು ಮೊಬೈಲ್ ಡೇಟಾದಲ್ಲಿದ್ದರೂ ನಡೆಯುತ್ತದೆ. ಟಿವಿಯಲ್ಲಿ ಯೂಟ್ಯೂಬ್ ತೆರೆದಿರಬೇಕು ಅಷ್ಟೆ.

ಮೊದಲ ದಿನ ಅವನು ಸೀದಾ ಪ್ಲೇ ಕೊಟ್ಟ, ದೊಡ್ಡಪ್ಪ ನೋಡುತ್ತಿದ್ದದ್ದು ಅರ್ಧಕ್ಕೆ ತುಂಡಾಯಿತು. ದೂರದಲ್ಲಿ ಕೂತವರಿಗೆ ಇಲ್ಲಿ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲವಲ್ಲ. ಈಗ ಅವನು ಮೊದಲು ದೊಡ್ಡಮ್ಮನಿಗೆ ಒಂದು ಮೆಸೇಜ್ ಹಾಕುತ್ತಾನೆ, ಆಮೇಲೆ `Add to queue` ಮಾತ್ರ ಒತ್ತುತ್ತಾನೆ. ಸಂಜೆ ಏಳರ ನಂತರ, ದೀಪ ಹಚ್ಚಿ ಆದ ಮೇಲೆ, ಅವನು ಹಾಕಿದ್ದು ಒಂದೊಂದಾಗಿ ಬರುತ್ತದೆ. “ಇದು ಅವನದ್ದು” ಎಂದು ದೊಡ್ಡಪ್ಪ ನಮಗೆ ಹೇಳುತ್ತಾರೆ.